ಕ್ಯಾಪ್ಟನ್ ಕಿವಿಗೊಡದಿದ್ದರೆ ಕೋ-ಪೈಲಟ್ ಏನು ಮಾಡಬೇಕು?

“ಸಿಮ್ಯುಲೇಟರ್‌ನಲ್ಲಿ ‘ಸ್ಪೀಡ್ ಸ್ವಲ್ಪ ಜಾಸ್ತಿ ಅನ್ಸುತ್ತೆ ಸರ್’ ಅಂದೆ. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ನಾನೇನು ಮಾಡಬೇಕಿತ್ತು?”

ಬಹುಶಃ ನೀವು ಹೇಳಿದ್ದು ಅವರಿಗೆ ಎಚ್ಚರಿಕೆಯಾಗಿ ಕೇಳಿಸಿಲ್ಲ. ಮೊದಲು ಅಂಕಿ ಹೇಳಿ: “ಸ್ಪೀಡ್ 20 ನಾಟ್ ಜಾಸ್ತಿ.” ಸರಿಹೋಗಲಿಲ್ಲವಾ? “ಅನ್‌ಸ್ಟೇಬಲ್, ಗೋ ಅರೌಂಡ್” ಎಂದು ಜೋರಾಗಿ ಹೇಳಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು. ಅದಕ್ಕೂ ಸ್ಪಂದಿಸದಿದ್ದರೆ “ಐ ಹ್ಯಾವ್ ಕಂಟ್ರೋಲ್” ಎಂದು ನೀವೇ ವಿಮಾನ ಮೇಲೆತ್ತಬೇಕು. ಎಷ್ಟು ಸಲ ಹೇಳಿದ ಮೇಲೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು, ನಿಮ್ಮ ಎಸ್‌ಒಪಿ ನೋಡಿ.

2010ರ ಮಂಗಳೂರು ದುರಂತದಲ್ಲಿ ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಎಂದರು, ಆದರೆ ಕಂಟ್ರೋಲ್ ತೆಗೆದುಕೊಳ್ಳಲಿಲ್ಲ. ಕ್ಯಾಪ್ಟನ್ ಇಳಿಸಿದರು. ವೇಗ ತಗ್ಗಿಸಲು ಎಂಜಿನ್ನಿನ ತಳ್ಳುಬಲವನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ಹಾಕಿದ ಮೇಲೆ ಮತ್ತೆ ಏರಲು ಹೋದರು. 158 ಜನ ತೀರಿಕೊಂಡರು. ರಿವರ್ಸರ್ ಹಾಕಿದ ಮೇಲೆ ನಿಲ್ಲಿಸುವುದೊಂದೇ ದಾರಿ, ಹಾಗಾಗಿ ನಿಮ್ಮ ನಿರ್ಧಾರ ಗಾಳಿಯಲ್ಲೇ ಆಗಬೇಕು. ಮುಂದಿನ ಬ್ರೀಫಿಂಗ್‌ನಲ್ಲೇ ಕೇಳಿಬಿಡಿ: “ನೀವು ಉತ್ತರಿಸದಿದ್ದರೆ ನಾನು ತಗೊಳ್ತೀನಿ, ಸರಿನಾ ಸರ್?”