ಐದು ನಿಮಿಷದ ಮದುವೆ ಮಾತಿಗೆ ಕನ್ನಡದಲ್ಲಿ ಎಷ್ಟು ಪದ ಬೇಕು?

ಪ್ರಶ್ನೆ: ತಂಗಿಯ ರಿಸೆಪ್ಶನ್‌ನಲ್ಲಿ ಮಾತಾಡೋಕೆ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಿಮಿಷಕ್ಕೆ 130 ಪದ ಅಂತ ಓದಿ 650 ಪದ ಬರೆದೆ. ಜೋರಾಗಿ ಓದಿದರೆ ಏಳು ನಿಮಿಷ ದಾಟುತ್ತೆ. ಎಲ್ಲಿ ತಪ್ಪಿದೆ?

ನಿಮ್ಮ ಓದಿನಲ್ಲಿ ತಪ್ಪಿಲ್ಲ. ಆ 130 ಇಂಗ್ಲಿಷ್ ಮಾತಿನ ಲೆಕ್ಕ. ಇಂಗ್ಲಿಷಿನಲ್ಲಿ ಮೂರು ನಾಲ್ಕು ಚಿಕ್ಕ ಪದ ಬೇಕಾಗುವ ಕಡೆ ನಾವು 'ಮನೆಯಲ್ಲಿದ್ದಾಗ' ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ. ಪದ ಉದ್ದವಾದಷ್ಟೂ ನಿಮಿಷಕ್ಕೆ ಹಿಡಿಸುವ ಪದಗಳು ಕಡಿಮೆ. ನಿಮ್ಮದೇ ಲೆಕ್ಕ ನೋಡಿ: 650 ಪದಕ್ಕೆ ಏಳು ನಿಮಿಷ ಚಿಲ್ಲರೆ ಅಂದರೆ ನಿಮಿಷಕ್ಕೆ ಸುಮಾರು 90.

ನನ್ನ ಅಕ್ಕನ ರಿಸೆಪ್ಶನ್‌ಗೆ ನಾನು ಬರೆದಿದ್ದು 742 ಪದ. ಮೊದಲು ನನ್ನ ವೇಗ ಅಳೆದೆ. ಎದ್ದು ನಿಂತು, ಕೊನೆಯ ಸಾಲಿನವರಿಗೂ ಕೇಳುವಷ್ಟು ಜೋರಾಗಿ, ಫೋನಿನಲ್ಲಿ ಎರಡು ನಿಮಿಷ ಟೈಮರ್ ಇಟ್ಟು ಓದಿದೆ. ಓದು ನಿಂತ ಜಾಗಕ್ಕೆ ಗೆರೆ ಹಾಕಿ ಎಣಿಸಿದರೆ 181 ಪದ. ನಿಮಿಷಕ್ಕೆ 90 ಅಂತ ಹಿಡಿದೆ. ಮನಸ್ಸಿನಲ್ಲೇ ಓದಿ ಅಳೆಯಬೇಡಿ, ಕಣ್ಣು ಬಾಯಿಗಿಂತ ತುಂಬಾ ಬೇಗ ಓಡುತ್ತೆ. ಬೇರೆಯವರ ವೇಗವನ್ನೂ ತೆಗೆದುಕೊಳ್ಳಬೇಡಿ. ಕಂಪ್ಯೂಟರ್ ಪದ ಎಣಿಸುವುದು ನಡುವಿನ ಜಾಗ ನೋಡಿಕೊಂಡು. 'ಹೇಳಲೇಬೇಕು' ಅಂತ ಕೂಡಿಸಿದರೆ ಒಂದು, 'ಹೇಳಲೇ ಬೇಕು' ಅಂತ ಬಿಡಿಸಿದರೆ ಎರಡು. ನೀವು ಬರೆಯುವ ರೀತಿಗೆ ನಿಮ್ಮ ವೇಗ ಮಾತ್ರ ಹೊಂದುತ್ತೆ.

ಈಗ ಐದು ನಿಮಿಷ ಅಂದರೆ 300 ಸೆಕೆಂಡು. ಅಷ್ಟಕ್ಕೂ ಪದ ತುಂಬಬಾರದು. ಮೈಕ್ ಕೈಗೆ ಬರಬೇಕು, ಜನ ನಗಬೇಕು, ಚಪ್ಪಾಳೆ ನಿಲ್ಲಬೇಕು. ಅದಕ್ಕೆಲ್ಲ 40 ಸೆಕೆಂಡು ಬಿಟ್ಟೆ. ಉಳಿದ 260 ಸೆಕೆಂಡಿಗೆ, ನಿಮಿಷಕ್ಕೆ 90ರಂತೆ, 390 ಪದ. ಅಂದರೆ 352 ಪದ ಹೋಗಬೇಕು!

ಅಲ್ಲೊಂದು ಇಲ್ಲೊಂದು ಪದ ಕಿತ್ತು 352 ಕಡಿಮೆ ಮಾಡುವುದು ಆಗದ ಮಾತು. ಭಾಗ ಭಾಗವಾಗಿ ಎಣಿಸಿದೆ. ದೊಡ್ಡಪ್ಪ, ಸೋದರಮಾವ ಅಂತ ಎಲ್ಲರ ಹೆಸರು ಹಿಡಿದು ನಮಸ್ಕಾರ ಹೇಳಿದ್ದೇ 85 ಪದ. ಅಕ್ಕನ ಬಗ್ಗೆ ಮೂರು ಕಥೆ, 430. ಭಾವನ ಬಗ್ಗೆ 110. ಹಾರೈಕೆ 117. ನಮಸ್ಕಾರವನ್ನು 'ಎಲ್ಲ ಹಿರಿಯರಿಗೂ, ಎರಡೂ ಮನೆಯವರಿಗೂ' ಅಂತ 20 ಪದಕ್ಕೆ ಇಳಿಸಿದೆ. ಒಂದು ಹೆಸರು ಬಿಟ್ಟರೆ ಬೇಸರ, ಯಾರ ಹೆಸರೂ ಇಲ್ಲದಿದ್ದರೆ ಯಾರಿಗೂ ಬೇಸರವಿಲ್ಲ.

ಮೂರು ಕಥೆಗಳಲ್ಲಿ ಒಂದನ್ನೇ ಉಳಿಸುವುದು ನಿಜಕ್ಕೂ ಕಷ್ಟವಾಯಿತು. ಬೀಗರ ಕಡೆಯವರಿಗೆ ಏನೂ ವಿವರಿಸದೆ ಅರ್ಥವಾಗುವ ಕಥೆ ಯಾವುದು ಅಂತ ನೋಡಿದೆ. ನಮ್ಮ ಬೀದಿಯ ಗಣಪತಿ ಕಥೆಗೆ ಬೀದಿಯಲ್ಲಿ ಯಾರು ಯಾರು ಅಂತ ಹೇಳುವುದಕ್ಕೇ ಅರ್ಧ ನಿಮಿಷ ಬೇಕಿತ್ತು. ಅದು ಹೋಯಿತು, ಅಜ್ಜಿ ಮನೆಯ ಕಥೆಯೂ ಹೋಯಿತು. ಉಳಿದದ್ದು ಲೇಬಲ್ ಕಥೆ, 140 ಪದ. ಪ್ರತಿ ಜೂನ್‌ನಲ್ಲಿ ನನ್ನ ನೋಟ್‌ಬುಕ್‌ಗಳಿಗೆ ಅಕ್ಕನೇ ಬೈಂಡ್ ಹಾಕಿ ಲೇಬಲ್ ಬರೆಯುತ್ತಿದ್ದಳು. ಅವಳು ಹಾಸ್ಟೆಲ್‌ಗೆ ಹೋದ ವರ್ಷ ನನ್ನ ಪುಸ್ತಕಕ್ಕೆ ಯಾರು ಬರೆಯುತ್ತಾರೆ ಅಂತ ಕೂತಿದ್ದೆ. ಪೋಸ್ಟಿನಲ್ಲಿ ಒಂದು ಕವರ್ ಬಂತು. ಹನ್ನೆರಡು ಲೇಬಲ್, ಎಲ್ಲದರಲ್ಲೂ ಅವಳ ದುಂಡು ಅಕ್ಷರದಲ್ಲಿ ನನ್ನ ಹೆಸರು.

20, 140, 110, 117 ಕೂಡಿದರೆ 387. ಆದರೂ ಮೊದಲ ಸಲ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿದಾಗ, ನಗು ಚಪ್ಪಾಳೆ ಏನೂ ಇಲ್ಲದೆಯೇ, 4 ನಿಮಿಷ 40 ಸೆಕೆಂಡು ಆಯಿತು. 20 ಸೆಕೆಂಡು ಜಾಸ್ತಿ. ಕೇಳಿ ನೋಡಿದರೆ ಕಥೆಯಲ್ಲಿ ನಾನೇ ನಿಧಾನವಾಗಿದ್ದೆ. ಅಲ್ಲಿ ಅವಸರ ಮಾಡಬಾರದು ಅಂತ ಹಾರೈಕೆಯಲ್ಲಿ 30 ಪದ ತೆಗೆದೆ. ಕಥೆಯ ಶುರುವಿನಲ್ಲೂ 'ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಒಂದು ಘಟನೆ ನಡೆಯಿತು, ಅದನ್ನು ನಿಮಗೆ ಹೇಳಲೇಬೇಕು' ಅನ್ನುವ ಹನ್ನೊಂದು ಪದ ಹೋಗಿ 'ಆಗ ನಾನು ಏಳನೇ ಕ್ಲಾಸು' ಅಂತ ನಾಲ್ಕೇ ಉಳಿಯಿತು.

ನಿಮ್ಮ ಬೀಗರು ಬೇರೆ ಭಾಷೆಯವರಾಗಿದ್ದು, ಅವರಿಗಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಎರಡು ಮಾತು ಆಡುವುದಿದ್ದರೆ ಆ ಭಾಗವನ್ನು ಬೇರೆಯಾಗಿಯೇ ಅಳೆಯಿರಿ. ಕನ್ನಡದ ವೇಗ ಅಲ್ಲಿಗೆ ಹೊಂದಲ್ಲ.

ಅವತ್ತು ಹನ್ನೆರಡು ಲೇಬಲ್ ಅಂದ ಕೂಡಲೇ ಅಕ್ಕ ಅತ್ತುಬಿಟ್ಟಳು. ಭಾವ ಕರ್ಚೀಫ್ ಕೊಟ್ಟರು. ಅವಳು ತಲೆ ಎತ್ತುವವರೆಗೂ ನಾನು ಸುಮ್ನೆ ನಿಂತಿದ್ದೆ. ತಮ್ಮನ ಫೋನಿನ ವೀಡಿಯೊದಲ್ಲಿ ಆ ಮೌನವೇ 22 ಸೆಕೆಂಡು ಇದೆ. ಒಟ್ಟು ಐದು ನಿಮಿಷ ನಾಲ್ಕು ಸೆಕೆಂಡು.