next() % 4 ಯಾಕೆ ಸದಾ 1, 2, 3, 0 ಅಂತಲೇ ಬರುತ್ತದೆ?

ಪ್ರಶ್ನೆ: ಆಟವೊಂದರಲ್ಲಿ ನಾಲ್ಕು ದಿಕ್ಕುಗಳಲ್ಲಿ ಒಂದನ್ನು ಆರಿಸೋಕೆ, ರ್‍ಯಾಂಡಮ್ ಸಂಖ್ಯೆ ಹುಟ್ಟಿಸುವ ಲೀನಿಯರ್ ಕಾಂಗ್ರುಯೆನ್ಷಿಯಲ್ ಜನರೇಟರ್ ಬರೆದೆ. ಗುಣಿಸೋದು 1103515245, ಕೂಡಿಸೋದು 12345, ಮಾಡ್ಯುಲಸ್ 2^31. ಅದರ next() ಕೊಡೋ ಸಂಖ್ಯೆಗಳು ನೋಡೋಕೆ ಚೆಲ್ಲಾಪಿಲ್ಲಿಯಾಗೇ ಇವೆ, ಆದರೆ % 4 ಮಾಡಿದರೆ 1, 2, 3, 0 ಅಂತ ಸುತ್ತುತ್ತಲೇ ಇರುತ್ತೆ. ಸೀಡ್ ಬದಲಿಸಿದರೂ ಅಷ್ಟೇ. ಕೋಡ್ ತಪ್ಪಾ?

ಉತ್ತರ: ಕೋಡ್ ಸರಿಯಾಗಿದೆ. ನೀವು ಸಂಖ್ಯೆಯ ಯಾವ ತುದಿಯಿಂದ ಬಿಟ್‌ಗಳನ್ನು ತೆಗೆದುಕೊಳ್ಳುತ್ತಿದ್ದೀರಿ ಅನ್ನುವುದರಲ್ಲಿ ತೊಂದರೆ ಇದೆ. % 4 ಅಂದರೆ ಕೊನೆಯ ಎರಡು ಬಿಟ್. ಈ ಜನರೇಟರಿನ ಅತ್ಯಂತ ದುರ್ಬಲ ಜಾಗವೇ ಅದು.

ದೊಡ್ಡ ಸಂಖ್ಯೆಗಳನ್ನು ಬಿಟ್ಟು, ಕೈಯಲ್ಲೇ ಲೆಕ್ಕ ಹಾಕಬಹುದಾದ ಚಿಕ್ಕದೊಂದನ್ನು ನೋಡೋಣ. ನಿಯಮ ಒಂದೇ ಸಾಲು:

```
x = (a*x + c) mod m
```

a = 5, c = 3, m = 16 ಇರಲಿ, 0ಯಿಂದ ಶುರು ಮಾಡೋಣ. 5×0+3 = 3. ಆಮೇಲೆ 5×3+3 = 18, ಹದಿನಾರು ಕಳೆದರೆ 2. ಆಮೇಲೆ 13. ಹೀಗೆ ಮುಂದುವರಿದರೆ:

```
0 3 2 13 4 7 6 1 8 11 10 5 12 15 14 9
```

9 ಆದ ಮೇಲೆ 48, ಅಂದರೆ ಮತ್ತೆ 0. ಹದಿನಾರು ಸಂಖ್ಯೆಗಳೂ ಒಂದೊಂದು ಸಲ ಬಂದು ಸುತ್ತು ಮುಗಿಯಿತು. ಸೀಡ್ ಅಂದರೆ ಈ ಸುತ್ತಿನಲ್ಲಿ ಎಲ್ಲಿಂದ ಹೆಜ್ಜೆ ಹಾಕಲು ಶುರು ಮಾಡುತ್ತೀರಿ ಅನ್ನುವುದು ಮಾತ್ರ. ಸುತ್ತು ಅದೇ. ನೀವು ಸೀಡ್ ಬದಲಿಸಿದರೂ ಏನೂ ಆಗದಿದ್ದುದು ಇದಕ್ಕೇ.

ಇದರಲ್ಲಿ m ಸುತ್ತಿನ ಗರಿಷ್ಠ ಉದ್ದವನ್ನು ತೀರ್ಮಾನಿಸುತ್ತದೆ. a ಮತ್ತು c ಆ ಉದ್ದ ಪೂರ್ತಿ ಸಿಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುತ್ತವೆ. ಮೇಲಿನ ಉದಾಹರಣೆಯಲ್ಲಿ aಯನ್ನು 3 ಮಾಡಿ ನೋಡಿ: 0, 3, 12, 7, 8, 11, 4, 15, ಮತ್ತೆ 0. ಅರ್ಧ ಸಂಖ್ಯೆಗಳು ಬರುವುದೇ ಇಲ್ಲ. 6 ಮಾಡಿದರೆ ಇನ್ನೂ ಕೆಟ್ಟದು: 0, 3, 5, 1, 9, ಆಮೇಲೆ 9, 9, 9 ಅಂತ ಅಲ್ಲೇ ಕೂತುಬಿಡುತ್ತದೆ, ಯಾಕೆಂದರೆ 6×9+3 = 57, ಅದರಲ್ಲಿ 48 ಹೋದರೆ ಮತ್ತೆ 9. m ಎರಡರ ಘಾತವಾಗಿದ್ದಾಗ (4 ಅಥವಾ ಅದಕ್ಕಿಂತ ದೊಡ್ಡದು) ಪೂರ್ತಿ ಸುತ್ತು ಬೇಕಿದ್ದರೆ c ಬೆಸ ಇರಬೇಕು, a−1 ನಾಲ್ಕರಿಂದ ಭಾಗವಾಗಬೇಕು. ಹಲ್ ಮತ್ತು ಡೊಬೆಲ್ 1962ರಲ್ಲಿ ಕೊಟ್ಟ ಪ್ರಮೇಯದಿಂದ ಬರುವ ನಿಯಮ ಇದು. ನಿಮ್ಮ 1103515245 ಮತ್ತು 12345 ಎರಡೂ ಇದನ್ನು ಪಾಲಿಸುತ್ತವೆ.

ಆದರೆ ಪೂರ್ತಿ ಸುತ್ತು ಸಿಕ್ಕ ಮಾತ್ರಕ್ಕೆ ಸಂಖ್ಯೆಗಳು ಚೆನ್ನಾಗಿ ಚದುರುತ್ತವೆ ಅಂತಿಲ್ಲ. a = 1, c = 1 ಕೂಡ ನಿಯಮಕ್ಕೆ ಸರಿಹೋಗುತ್ತದೆ, ಬರುವುದು ಮಾತ್ರ 0, 1, 2, 3, 4. ಚದುರಿಸುವ ಕೆಲಸ aಯದು, ಅದನ್ನು ಬೇರೆಯಾಗಿ ಪರೀಕ್ಷಿಸಿಯೇ ಆರಿಸಬೇಕು. ಐಬಿಎಂ ಯಂತ್ರಗಳಲ್ಲಿ ಬಳಕೆಯಲ್ಲಿದ್ದ ಇಂಥದೇ ಜನರೇಟರ್ ರ‍್ಯಾಂಡು ಇಲ್ಲಿ ಎಡವಿತು. ಅದರ a = 65539, m = 2^31, c ಇಲ್ಲವೇ ಇಲ್ಲ. 65539 ಅಂದರೆ 2^16+3 ಆದ್ದರಿಂದ, ಪ್ರತಿ ಸಂಖ್ಯೆಯೂ ಹಿಂದಿನದರ ಆರರಷ್ಟರಿಂದ ಅದರ ಹಿಂದಿನದರ ಒಂಬತ್ತರಷ್ಟನ್ನು ಕಳೆದದ್ದಾಗುತ್ತದೆ (ಮಾಡ್ಯುಲಸ್ ಹಾಕಿ). ಮೂರು ಮೂರು ಸಂಖ್ಯೆಗಳನ್ನು ಒಂದು ಬಿಂದುವಾಗಿ ಘನದೊಳಗೆ ಇಟ್ಟರೆ ಎಲ್ಲವೂ ಬರೀ 15 ಸಮತಲಗಳ ಮೇಲೆ ಬಂದು ಕೂರುತ್ತವೆ.

ಈಗ ಕೊನೆಯ ಬಿಟ್‌ಗಳ ವಿಷಯ. ಕಾಗದದ ಮೇಲೆ ಗುಣಾಕಾರ ಮಾಡುವಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಬಿಡಿ ಸ್ಥಾನದಲ್ಲಿ ಹೆಚ್ಚಾದ ದಶಕ ಎಡಕ್ಕೆ, ಹತ್ತರ ಸ್ಥಾನಕ್ಕೆ ಹೋಗುತ್ತದೆ. ಎಡದಿಂದ ಬಲಕ್ಕೆ ಏನೂ ಬರುವುದಿಲ್ಲ. 4737 × 89 ಎಷ್ಟೇ ಆಗಲಿ, ಬಿಡಿ ಸ್ಥಾನದ ಅಂಕಿ 7 × 9ರಿಂದಲೇ ಗೊತ್ತಾಗುತ್ತದೆ. ಬೈನರಿಯಲ್ಲೂ ಹೀಗೆಯೇ. ಕೂಡುವುದು, ಗುಣಿಸುವುದು ಎರಡರಲ್ಲೂ ಕೆಳಗಿನ ಬಿಟ್‌ಗಳು ಮೇಲಿನವನ್ನು ಬದಲಿಸುತ್ತವೆ, ಮೇಲಿನವು ಕೆಳಗಿನವನ್ನು ಮುಟ್ಟುವುದೇ ಇಲ್ಲ. 2^31ರ ಮಾಡ್ಯುಲಸ್ ಕೂಡ ಮೇಲಿನ ತುದಿಯನ್ನು ಕತ್ತರಿಸಿ ಬಿಸಾಡುತ್ತದೆ, ಅಷ್ಟೇ.

ಹಾಗಾಗಿ ಕೊನೆಯ k ಬಿಟ್‌ಗಳು ತಮ್ಮಷ್ಟಕ್ಕೆ ತಾವೇ ಒಂದು ಪುಟ್ಟ ಜನರೇಟರ್, ಅದರ ಮಾಡ್ಯುಲಸ್ 2^k. ಅದರ ಸುತ್ತು 2^kಗಿಂತ ಉದ್ದವಾಗಲು ಸಾಧ್ಯವೇ ಇಲ್ಲ. ಕೊನೆಯ ಒಂದು ಬಿಟ್ 0, 1, 0, 1. ಕೊನೆಯ ಮೂರು ಬಿಟ್ ಎಂಟು ಹೆಜ್ಜೆಗೆ ವಾಪಸ್. ಮೇಲಿನ ಹದಿನಾರರ ಸಾಲಿನಲ್ಲೂ ನೋಡಿ: ಸಮ, ಬೆಸ, ಸಮ, ಬೆಸ. % 4 ಮಾಡಿದರೆ 0, 3, 2, 1, 0, 3, 2, 1.

ನಿಮ್ಮ ಸಂಖ್ಯೆಗಳಲ್ಲಿ ಸರಿಯಾಗಿ 1, 2, 3, 0 ಬರುವುದಕ್ಕೂ ಕಾರಣ ಇದೆ. 1103515245ನ್ನು 4ರಿಂದ ಭಾಗಿಸಿದರೆ ಶೇಷ 1. 12345ಕ್ಕೂ ಶೇಷ 1. ಅಂದರೆ ಕೊನೆಯ ಎರಡು ಬಿಟ್‌ಗಳ ಮಟ್ಟಿಗೆ ನಿಮ್ಮ ಇಡೀ ಸೂತ್ರ x = x + 1. a−1 ನಾಲ್ಕರಿಂದ ಭಾಗವಾಗಬೇಕು ಅಂದೆವಲ್ಲ, ಪೂರ್ತಿ ಸುತ್ತು ಕೊಡಿಸುವ ಆ ನಿಯಮವೇ ಈ ಎರಡು ಬಿಟ್‌ಗಳಲ್ಲಿ ಗುಣಾಕಾರವನ್ನು ಇಲ್ಲವಾಗಿಸುತ್ತದೆ. ಬೇರೆ a ಹುಡುಕಿ ಇದನ್ನು ಸರಿಪಡಿಸಲು ಆಗುವುದಿಲ್ಲ.

ಸೀಡ್ 0 ಇಟ್ಟಾಗ ಬರುವ ಮೊದಲ ಆರು ಸಂಖ್ಯೆ ಇವು. ಪಕ್ಕದಲ್ಲಿ % 4, ಆಮೇಲೆ >> 29:

```
12345        1   0
1406932606   2   2
654583775    3   1
1449466924   0   2
229283573    1   0
1109335178   2   2
```

ಪರಿಹಾರ ಆ ಮೂರನೇ ಕಂಬ. ಸಂಖ್ಯೆ 31 ಬಿಟ್ ಇರುವುದರಿಂದ >> 29 ಮಾಡಿದರೆ ಮೇಲಿನ ಎರಡು ಬಿಟ್ ಸಿಗುತ್ತವೆ, ಮೇಲ್ತುದಿಯ ಬಿಟ್ ತಿರುಗಿ ಬರಲು ಪೂರ್ತಿ 2^31 ಹೆಜ್ಜೆ ಬೇಕು. ಹಲವರು >> 16 ಮಾಡಿ ಆಮೇಲೆ % 4 ಹಾಕುತ್ತಾರೆ. ಈಗಿನದಕ್ಕಿಂತ ಎಷ್ಟೋ ವಾಸಿ, ಆದರೆ ಹಾಗೆ ಸಿಗುವುದು ಮಧ್ಯದ ಬಿಟ್‌ಗಳು. 2^18, ಅಂದರೆ 262144 ಹೆಜ್ಜೆಗೆ ಅವು ಮತ್ತೆ ಮೊದಲಿನಂತೆಯೇ ಬರುತ್ತವೆ. ಚಿಕ್ಕ ಆಟಕ್ಕೆ ಸಾಕು, ಲಕ್ಷಗಟ್ಟಲೆ ಸಲ ಓಡಿಸುವ ಸಿಮ್ಯುಲೇಶನ್‌ಗೆ ಸಾಲದು. ಜಾವಾದ `java.util.Random` ಒಳಗೆ 48 ಬಿಟ್ ಇಟ್ಟುಕೊಂಡು ಹೊರಗೆ ಮೇಲಿನ 32 ಬಿಟ್ ಮಾತ್ರ ಕೊಡುವುದು ಇದೇ ಕಾರಣಕ್ಕೆ.

ಮುಂದೆ ದಾಳ ಹಾಕಬೇಕಾಗಿ ಬಂದರೆ % 6 ಸುರಕ್ಷಿತ ಅಂದುಕೊಳ್ಳಬೇಡಿ. 6 ಸಮ ಸಂಖ್ಯೆ, ಆದ್ದರಿಂದ x ಬೆಸವಾದರೆ x % 6 ಕೂಡ ಬೆಸವೇ. ದಾಳ ಸಮ, ಬೆಸ, ಸಮ, ಬೆಸ ಅಂತ ಬೀಳುತ್ತಲೇ ಇರುತ್ತದೆ. ಆರು ಮುಖಗಳೂ ಹೆಚ್ಚುಕಮ್ಮಿ ಸಮನಾಗಿ ಬೀಳುವುದರಿಂದ ಎಣಿಸಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಸಾಲಾಗಿ ಪ್ರಿಂಟ್ ಮಾಡಿ ನೋಡಬೇಕು. ಶೇಷದ ಬದಲು ಗುಣಿಸಿ ಮೇಲಿನ ಭಾಗ ತೆಗೆದುಕೊಳ್ಳಿ:

```c
int dice = (int)(((uint64_t)next() * 6) >> 31) + 1;
```

next() ಕೊಡುವುದು uint32_t ಆಗಿದ್ದು, 64 ಬಿಟ್‌ಗೆ ಬದಲಿಸುವುದನ್ನು ಮರೆತರೆ ಗುಣಲಬ್ಧ 32 ಬಿಟ್‌ನಲ್ಲೇ ಉಕ್ಕಿಹೋಗಿ ದಾಳದಲ್ಲಿ ಬರೀ 1 ಮತ್ತು 2 ಬೀಳುತ್ತವೆ.