ಚಾರ್ಟ್ ಇಲ್ಲದೆ ಭೂಮಿಯ ನೀರಿನ ಲೆಕ್ಕ ಹೇಳುವುದು: ನೂರು ಲೀಟರ್ ಡ್ರಮ್ ಮತ್ತು ಮೂರು ಹನಿ

“ಮುಂದಿನ ವಾರ ನಮ್ಮ ಕೈತೋಟದ ಗುಂಪಿನಲ್ಲಿ ಭೂಮಿಯ ನೀರಿನ ಬಗ್ಗೆ 15 ನಿಮಿಷ ಮಾತಾಡಬೇಕು. ಪ್ರೊಜೆಕ್ಟರ್ ಇಲ್ಲ, ಬೋರ್ಡೂ ಇಲ್ಲ. ಒಟ್ಟು ನೀರು 138.6 ಕೋಟಿ ಘನ ಕಿ.ಮೀ., ಅದರಲ್ಲಿ ಸಿಹಿನೀರು 2.5%, ಅದರಲ್ಲಿ 68.7% ಹಿಮ, 30.1% ಅಂತರ್ಜಲ... ಇದನ್ನೆಲ್ಲ ಬಾಯಲ್ಲೇ ಹೇಳಿದರೆ ಯಾರ ತಲೆಗಾದರೂ ಹೋಗುತ್ತಾ? ಎಷ್ಟರ ಮಟ್ಟಿಗೆ ರೌಂಡ್ ಮಾಡಬಹುದು?”

ಹೋಗಲ್ಲ ಮೇಡಂ. ನಾನೂ ಇದೇ ಅಂಕಿಗಳನ್ನು ಇದೇ ಕ್ರಮದಲ್ಲಿ ಒಮ್ಮೆ ಹೇಳಿದ್ದೆ. ಮುಗಿದ ಮೇಲೆ ಒಬ್ಬರು ಬಂದು, “ಹಾಗಾದರೆ ಭೂಮಿಯ ನೀರಿನಲ್ಲಿ ಶೇಕಡಾ ಎಪ್ಪತ್ತರಷ್ಟು ಹಿಮವೇ ಅನ್ನಿ” ಅಂದರು. ತಪ್ಪು ಅವರದಲ್ಲ. 68.7% ಎಂಬುದು ಸಿಹಿನೀರಿನ ಪಾಲು, ಒಟ್ಟು ನೀರಿನದಲ್ಲ. ಓದುವವರು ಕಣ್ಣು ಹಿಂದಕ್ಕೆ ಹೊರಳಿಸಿ ಇದನ್ನು ಸರಿಮಾಡಿಕೊಳ್ಳುತ್ತಾರೆ. ಕೇಳುವವರಿಗೆ ಹಿಂದೆ ಹೋಗಲು ದಾರಿಯಿಲ್ಲ. ಹಾಗಾಗಿ ರೌಂಡ್ ಮಾಡುವುದಕ್ಕಿಂತ ಮೊದಲು ಎಲ್ಲ ಅಂಕಿಗಳನ್ನೂ ಒಂದೇ ಪಾತ್ರೆಗೆ ಇಳಿಸಿಕೊಳ್ಳಿ. ಶೇಕಡಾದೊಳಗೆ ಶೇಕಡಾ ಹೇಳುವುದನ್ನು ಪೂರ್ತಿ ಬಿಡಿ.

ನಾನು ಈಗ ಹೇಳುವುದು ಹೀಗೆ: “ಭೂಮಿಯ ಮೇಲಿರುವ ನೀರನ್ನೆಲ್ಲ ನೂರು ಲೀಟರಿನ ಒಂದು ಡ್ರಮ್ ಅಂದುಕೊಳ್ಳಿ.” ಮನೆಯಲ್ಲಿ ಕೂತು ಘನ ಕಿ.ಮೀ.ನಲ್ಲಿರುವ ಪ್ರತಿ ಅಂಕಿಯನ್ನೂ 138.6 ಕೋಟಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಸಿಹಿನೀರು ಎರಡೂವರೆ ಲೀಟರ್. ಹಿಮ 1.7 ಚಿಲ್ಲರೆ, ಅಂತರ್ಜಲ 0.75. ಸರೋವರಗಳ ಸಿಹಿನೀರು 91,000 ಘನ ಕಿ.ಮೀ., ಅಂದರೆ ಡ್ರಮ್‌ನಲ್ಲಿ ಆರೂವರೆ ಮಿಲಿಲೀಟರ್. ನದಿಗಳಲ್ಲಿ ಒಂದು ಹೊತ್ತಿಗೆ ಇರುವ ನೀರು 2,120 ಘನ ಕಿ.ಮೀ., ಡ್ರಮ್‌ನಲ್ಲಿ 0.15 ಮಿಲಿಲೀಟರ್. ಡ್ರಾಪರಿನಿಂದ ಬೀಳುವ ಹನಿ ಸುಮಾರು 0.05 ಮಿಲಿಲೀಟರ್ ಆದ್ದರಿಂದ, ಮೂರು ಹನಿ.

ಇದನ್ನು ಬಾಯಲ್ಲಿ ಹೇಳುವಾಗ ದಶಮಾಂಶ ಬಳಸಬೇಡಿ. ಎರಡೂವರೆ, ಒಂದೂಮುಕ್ಕಾಲು, ಮುಕ್ಕಾಲು ಅಂತ ನಮ್ಮ ಭಾಷೆಯಲ್ಲಿ ಸಿದ್ಧವಾಗಿ ಕೂತಿವೆಯಲ್ಲ. “ಒಂದು ಬಿಂದು ಏಳು ಎರಡು” ಅಂದರೆ ಕೇಳುವವರು ನಾಲ್ಕು ಪದ ಹಿಡಿದುಕೊಂಡು ಮನಸ್ಸಿನಲ್ಲೇ ಬರೆದು ನೋಡಬೇಕು. “ಒಂದೂಮುಕ್ಕಾಲು ಲೀಟರ್” ಅಂದ ತಕ್ಷಣ ಪಾತ್ರೆಯ ಅಳತೆಯೇ ಕಣ್ಣಿಗೆ ಬರುತ್ತದೆ.

ಒಂದು ಕಡೆ ಹುಷಾರಾಗಿರಿ. ಒಂದೂಮುಕ್ಕಾಲು ಲೀಟರ್ ಹಿಮ, ಮುಕ್ಕಾಲು ಲೀಟರ್ ಅಂತರ್ಜಲ ಕೂಡಿದರೆ ಎರಡೂವರೆ ಲೀಟರ್ ಅಲ್ಲಿಗೇ ಮುಗಿದುಹೋಗುತ್ತದೆ. ಲೆಕ್ಕ ಚುರುಕಾಗಿರುವವರು ಯಾರಾದರೂ “ಮತ್ತೆ ನದಿ, ಸರೋವರ ಎಲ್ಲಿಂದ ಬಂತು?” ಎಂದು ಕೇಳೇ ಕೇಳುತ್ತಾರೆ. ಹಿಮವನ್ನು 1.72ರಿಂದ 1.75ಕ್ಕೆ ಏರಿಸಿದಾಗ ಸುಮಾರು 30 ಮಿಲಿಲೀಟರನ್ನು ನಾವೇ ನುಂಗಿಬಿಟ್ಟಿರುತ್ತೇವೆ. ನಮ್ಮ ಕಥೆಯ ಮುಖ್ಯ ಭಾಗವಿರುವುದೇ ಆ ಮೂವತ್ತರೊಳಗೆ. ಹಾಗಾಗಿ ಹಿಮಕ್ಕೆ “ಒಂದೂಮುಕ್ಕಾಲಕ್ಕೆ ಸ್ವಲ್ಪ ಕಮ್ಮಿ” ಅನ್ನಿ. ಆ “ಸ್ವಲ್ಪ ಕಮ್ಮಿ” ಇದ್ದರೆ ಸರೋವರ, ನದಿಗಳಿಗೆ ಜಾಗ ಉಳಿಯುತ್ತದೆ.

ಇದೇ ಪ್ರಶ್ನೆಗೆ ಇನ್ನೊಬ್ಬರು “ಎಲ್ಲವನ್ನೂ ಪೂರ್ಣ ಸಂಖ್ಯೆ ಮಾಡಿ ಮುಗಿಸಿ” ಅಂದಿದ್ದಾರೆ. ದಶಮಾಂಶ ಕಿವಿಗೆ ಒಗ್ಗಲ್ಲ ಅನ್ನುವಷ್ಟು ಸರಿ. ಆದರೆ ಉಪ್ಪುನೀರಿನ 97.5 ಹೋಗಿ 98, ಸಿಹಿನೀರಿನ 2.5 ಹೋಗಿ 3 ಆದರೆ ಡ್ರಮ್‌ನಲ್ಲಿ 101 ಲೀಟರ್ ಆಯಿತು. ನದಿಗಳು ಸೊನ್ನೆಯಾದವು. ಎಷ್ಟು ರೌಂಡ್ ಮಾಡಬೇಕು ಅನ್ನುವುದು ಸಂಖ್ಯೆಯನ್ನು ನೋಡಿ ತೀರ್ಮಾನವಾಗುವುದಿಲ್ಲ, ಅದರ ಕೆಲಸವನ್ನು ನೋಡಿ ಆಗುತ್ತದೆ. ಉಪ್ಪುನೀರಿನ 97.5 ಅನ್ನು “ಹತ್ತಿರಹತ್ತಿರ ಪೂರ್ತಿ ಡ್ರಮ್” ಅಂದರೂ ನಡೆಯುತ್ತದೆ. ಮೂರು ಹನಿಯನ್ನು ಮಾತ್ರ ಮುಟ್ಟುವ ಹಾಗಿಲ್ಲ.

ಹನಿ ನೀರಾವರಿಯ ಡ್ರಿಪ್ಪರ್ ಲೆಕ್ಕವನ್ನೂ ಹೀಗೇ ರೌಂಡ್ ಮಾಡಬಹುದೇ ಎಂದು ಕೇಳಿದ ಅಣ್ಣ, ನಿಮ್ಮದು ಬೇರೆ ವಿಷಯವಾದರೂ ಇಲ್ಲೇ ಹೇಳಿಬಿಡುತ್ತೇನೆ. ಗಂಟೆಗೆ 3.8 ಲೀಟರ್ ಬರುವುದನ್ನು ಮಾತಿನಲ್ಲಿ “ನಾಲ್ಕು” ಅನ್ನಬಹುದು. 200 ಡ್ರಿಪ್ಪರಿಗೆ ಟ್ಯಾಂಕ್ ಲೆಕ್ಕ ಹಾಕುವಾಗ ಅನ್ನಬೇಡಿ. ಗಂಟೆಗೆ 40 ಲೀಟರ್ ವ್ಯತ್ಯಾಸ ಬಂದುಬಿಡುತ್ತದೆ. ಗುಣಾಕಾರ ಮುಗಿದ ಮೇಲೆ ರೌಂಡ್ ಮಾಡಿ, ಮೊದಲೇ ಬೇಡ. ಇನ್ನು ಪೈ ಚಾರ್ಟ್ ಪ್ರಿಂಟ್ ಹಾಕಿಸಿ ಹಂಚಿ ಅಂದವರಿಗೆ: ಮೇಡಂ ಕೇಳಿದ್ದು ಚಾರ್ಟ್ ಇಲ್ಲದೆ ಹೇಳುವುದು ಹೇಗೆ ಅಂತ. ಅಲ್ಲದೆ ಆ ಚಾರ್ಟ್‌ನಲ್ಲಿ ನದಿಯ ಗೆರೆ ಕಣ್ಣಿಗೇ ಕಾಣುವುದಿಲ್ಲ.

ನಿಮ್ಮವರು ಗಿಡ ಬೆಳೆಸುವವರಾದ್ದರಿಂದ ನೀವು ಪಟ್ಟಿ ಮಾಡದ ಒಂದು ಅಂಕಿಯನ್ನು ಸೇರಿಸಿ. ಮಣ್ಣಿನ ತೇವ 16,500 ಘನ ಕಿ.ಮೀ. ಡ್ರಮ್‌ನಲ್ಲಿ ಇಪ್ಪತ್ತನಾಲ್ಕು ಹನಿಯ ಆಸುಪಾಸು. ಅಂದರೆ ಯಾವುದೇ ಒಂದು ಹೊತ್ತಿನಲ್ಲಿ ಲೋಕದ ನದಿಗಳಲ್ಲೆಲ್ಲ ಇರುವ ನೀರಿಗಿಂತ ಸುಮಾರು ಎಂಟು ಪಟ್ಟು ನೀರು ಮಣ್ಣಿನಲ್ಲಿದೆ. ಇಲ್ಲಿ ಹನಿಯ ಲೆಕ್ಕಕ್ಕಿಂತ “ಎಂಟು ಪಟ್ಟು” ಅನ್ನುವುದೇ ಹೆಚ್ಚು ನಾಟುತ್ತದೆ, ಯಾಕೆಂದರೆ ಎರಡು ತೀರಾ ಚಿಕ್ಕ ಸಂಖ್ಯೆಗಳನ್ನು ಹೋಲಿಸುವಾಗ ಡ್ರಮ್ ಸಹಾಯಕ್ಕೆ ಬರುವುದಿಲ್ಲ.

ಹನಿಯನ್ನು ತೋರಿಸಿಯೇ ಹೇಳಿ. ನಾನು ಒಂದು ಚಮಚ, ಒಂದು ಡ್ರಾಪರ್ ಒಯ್ಯುತ್ತೇನೆ. ಸರೋವರಕ್ಕೆ ಚಮಚದ ತುಂಬ ನೀರು, ಮೇಲೆ ಇನ್ನೊಂದು ಚೂರು. ಚಹಾ ಚಮಚದಲ್ಲಿ 5 ಮಿಲಿಲೀಟರ್ ಹಿಡಿಯುತ್ತದೆ, ನಮಗೆ ಬೇಕಾದದ್ದು ಆರೂವರೆ. ಆಮೇಲೆ ಮುಂದಿನ ಸಾಲಿನಲ್ಲಿ ಕೂತವರೊಬ್ಬರ ಅಂಗೈ ಮೇಲೆ ಒಂದು, ಎರಡು, ಮೂರು ಅಂತ ಬಿಡುತ್ತೇನೆ. ಮೂರನೆಯ ಹನಿ ಬಿದ್ದ ಮೇಲೆ ಐದಾರು ಸೆಕೆಂಡ್ ಸುಮ್ಮನಿರಿ. ಆ ಹೊತ್ತಿನಲ್ಲಿ ಬೇರೆ ಯಾವ ಅಂಕಿಯನ್ನೂ ಹೇಳಬೇಡಿ.

ಈ ಹೋಲಿಕೆಯಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟುತ್ತದೆ. “ಮೂರೇ ಹನಿ ಅಂದಮೇಲೆ ನದಿ ಇದ್ದರೆಷ್ಟು ಬಿಟ್ಟರೆಷ್ಟು” ಅಂತ ಒಬ್ಬರಾದರೂ ಅಂದುಕೊಳ್ಳುತ್ತಾರೆ. ಡ್ರಮ್ ತೋರಿಸುವುದು ನಿಂತ ನೀರನ್ನು, ಹರಿಯುವುದನ್ನಲ್ಲ. ನದಿಯ ನೀರು ಸರಾಸರಿ 16 ದಿನಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. “ಎರಡು ವಾರ ಚಿಲ್ಲರೆಗೊಮ್ಮೆ ಆ ಮೂರು ಹನಿ ಹೋಗಿ ಹೊಸ ಮೂರು ಹನಿ ಬರುತ್ತವೆ” ಅಂತ ಸೇರಿಸಿದರೆ ಸಾಕು. ಇದನ್ನು ಬಿಟ್ಟರೆ ಲೆಕ್ಕ ಸರಿಯಿದ್ದೂ ಅರ್ಥ ಕೆಡುತ್ತದೆ.

138.6 ಕೋಟಿಯನ್ನು ಹೇಳಬೇಕೇ ಎಂಬುದರಲ್ಲಿ ನಮ್ಮಲ್ಲಿ ಒಮ್ಮತವಿಲ್ಲ. ನಾನು ಹೇಳುವುದಿಲ್ಲ, ಒಂದು ಘನ ಕಿಲೋಮೀಟರೇ ಯಾರ ಅಂದಾಜಿಗೂ ಸಿಗುವುದಿಲ್ಲ. ಅಂಕಿ ಹೇಳದಿದ್ದರೆ ಜನ ನಂಬುವುದಿಲ್ಲ ಎಂದು ಇಲ್ಲಿನ ಹಿರಿಯರೊಬ್ಬರು ವಾದಿಸುತ್ತಾರೆ, ಅವರ ಅನುಭವವೂ ದೊಡ್ಡದು. ಹೇಳುವುದಾದರೆ “ಸುಮಾರು 140 ಕೋಟಿ” ಅಂತ ಒಮ್ಮೆ ಹೇಳಿ ಮುಂದೆ ಹೋಗಿ. ಇನ್ನೊಬ್ಬರು ಸೂಚಿಸಿದ “ನಲವತ್ತರಲ್ಲಿ ಒಂದು ಪಾಲು ಸಿಹಿನೀರು” ಕೂಡ ಚೆನ್ನಾಗಿಯೇ ಇದೆ. ಹನಿಯವರೆಗೆ ಇಳಿಯುವ ವಿಚಾರ ಇಲ್ಲದಿದ್ದರೆ ಅದು ಡ್ರಮ್‌ಗಿಂತ ಚುಟುಕು. ನಿಖರ ಅಂಕಿಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಕೇಳಿದವರಿಗೆ ಓದಿ ಹೇಳಿದರಾಯಿತು.

ಹೋಗುವ ಮುಂಚೆ ಮನೆಯವರೊಬ್ಬರಿಗೆ ಹೇಳಿ ನೋಡಿ, ಅರ್ಧ ಗಂಟೆ ಬಿಟ್ಟು “ನದಿ ಎಷ್ಟು ಅಂದೆ?” ಎಂದು ಕೇಳಿ. “ಮೂರು ಹನಿ” ಅಂದರೆ ಸರಿಯಾಗಿದೆ. “ಏನೋ ಸೊನ್ನೆ ಸೊನ್ನೆ” ಅಂದರೆ ಇನ್ನೂ ಎರಡು ಅಂಕಿ ತೆಗೆಯಿರಿ. ಡ್ರಾಪರನ್ನೂ ಪರೀಕ್ಷಿಸಿಕೊಳ್ಳಿ: ಒಂದು ಮಿಲಿಲೀಟರಿಗೆ ಇಪ್ಪತ್ತರ ಆಸುಪಾಸು ಹನಿ ಬೀಳಬೇಕು. ಬಾಯಿ ಅಗಲವಿರುವ ಡ್ರಾಪರಿನಲ್ಲಿ ಹನಿ ದಪ್ಪ ಬಿದ್ದು ಎರಡಕ್ಕೇ ನದಿ ಮುಗಿದುಹೋಗುತ್ತದೆ.